ಅತ್ತಿಗೆಗೆ ವಿನೆಗರ್ ಟೆಸ್ಟ್ ಯಾಕೆ ಆಗಲಿಲ್ಲ

"ನನಗೆ ಆಪರೇಷನ್ ಆಗಿದೆ, ನನಗೆ ಇದೆಲ್ಲ ಬೇಡ." ನಮ್ಮ ಸಂಘದಲ್ಲಿ ಕ್ಯಾನ್ಸರ್ ತಪಾಸಣೆಯ ಮಾತು ಎತ್ತಿದಾಗೆಲ್ಲ ಜಾಸ್ತಿ ಕೇಳಿಬರುವ ಉತ್ತರ ಇದು. ಸುರತ್ಕಲ್ ಕಡೆಯ ನಮ್ಮ ಭಜನಾ ಮಂದಿರದ ಹಾಲ್‌ನಲ್ಲಿ ಮಾಹಿತಿ ಕಾರ್ಯಕ್ರಮ ಇಟ್ಟ ದಿನವೂ ಹಾಗೇ ಆಯಿತು. ಮಾತಾಡಲು ಬಂದ ಡಾಕ್ಟ್ರು ಮೈಕ್ ಹಿಡಿದು ಮೊದಲು ಕೇಳಿದ್ದೇ, "ಯಾರಿಗೆಲ್ಲ ಆಪರೇಷನ್ ಆಗಿದೆ, ಕೈ ಎತ್ತಿ." ತುಂಬ ಕೈ ಎದ್ದವು. "ಸರಿ, ಯಾವ ಆಪರೇಷನ್?" ಅಂದರು. ಅಲ್ಲಿಗೆ ಗೊಂದಲ ಶುರು.

ಹೆಚ್ಚಿನವರದ್ದು ಮಕ್ಕಳಾಗದ ಹಾಗೆ ಮಾಡಿಸಿಕೊಂಡ ಆಪರೇಷನ್. ಅದರಲ್ಲಿ ಕಟ್ಟುವುದು ನಾಳವನ್ನು ಮಾತ್ರ, ಗರ್ಭಕೋಶವೂ ಅದರ ಬಾಯಿಯೂ ಇದ್ದಲ್ಲೇ ಇರುತ್ತವೆ. ಹಾಗಾಗಿ ಆ ಬಾಯಿಯ, ಅಂದರೆ ಗರ್ಭಕಂಠದ ತಪಾಸಣೆ ಅವರಿಗೂ ಬೇಕು. ಇನ್ನು ಕೆಲವರಿಗೆ ಗರ್ಭಕೋಶವನ್ನೇ ತೆಗೆದಿದ್ದಾರೆ. ಅಲ್ಲಿಯೂ ಒಂದು ಪ್ರಶ್ನೆ ಉಳಿಯುತ್ತದೆ: ಬಾಯಿಯನ್ನೂ ಸೇರಿಸಿ ತೆಗೆದದ್ದಾ, ಅದನ್ನು ಬಿಟ್ಟು ಮೇಲಿನದ್ದು ಮಾತ್ರವಾ? ಪೂರ್ತಿ ತೆಗೆದಿದ್ದರೆ, ತೆಗೆಯಲು ಕಾರಣ ಗಡ್ಡೆಯೋ ಜಾಸ್ತಿ ರಕ್ತಸ್ರಾವವೋ ಆಗಿದ್ದರೆ, ಮೊದಲು ಈ ಜಾಗದಲ್ಲಿ ದೋಷ ಏನೂ ಕಾಣದೆ ಇದ್ದರೆ, ಈ ಟೆಸ್ಟ್ ಬೇಡ. ಬಾಯಿ ಉಳಿದಿದ್ದರೆ ಬೇಕು. ಅದು ಸುಲಭವಾಗಿ ಗೊತ್ತಾಗುವುದು ಡಿಸ್ಚಾರ್ಜ್ ಕಾರ್ಡ್ ನೋಡಿದರೆ. ನಮ್ಮಲ್ಲಿ ಆ ಕಾರ್ಡ್ ಇಟ್ಟುಕೊಂಡವರು ಎಷ್ಟು ಜನ ಅಂತ ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

ನಾನು ಹೋದದ್ದು ಅತ್ತಿಗೆಯ ಜೊತೆ. ನನಗೆ 44, ಅತ್ತಿಗೆಗೆ 56. ಅವರಿಗೆ ಮುಟ್ಟು ನಿಂತು ವರ್ಷಗಳಾಗಿವೆ. ಬರಲು ಮನಸ್ಸೇ ಇರಲಿಲ್ಲ. "ಈ ವಯಸ್ಸಲ್ಲಿ ಎಂತದು ಮಾರಾಯ್ತಿ" ಅನ್ನುತ್ತಲೇ ಬಂದರು. ನಮ್ಮಿಬ್ಬರಿಗೂ ಒಂದೇ ಮೇಜಿನ ಮೇಲೆ ಒಂದೇ ಟೆಸ್ಟ್ ಶುರುವಾಗಿ ಎರಡು ಬೇರೆ ದಾರಿ ಹಿಡಿಯಿತು. ಅದನ್ನೇ ಹೇಳಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ಅದಕ್ಕೆ ಮೊದಲು ಡಾಕ್ಟ್ರು ಒತ್ತಿ ಹೇಳಿದ ಒಂದು ಮಾತು. ತಪಾಸಣೆ ಇರುವುದು ತೊಂದರೆ ಏನೂ ಇಲ್ಲದವರಿಗೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಬಂದರೆ, ವಾಸನೆಯ ಬಿಳಿ ಹೋಗುತ್ತಿದ್ದರೆ, ಎದೆಯಲ್ಲಿ ಗಂಟು ಕೈಗೆ ಸಿಕ್ಕಿದರೆ ಕ್ಯಾಂಪಿಗೆ ಕಾಯಬಾರದು, ನೇರ ಡಾಕ್ಟ್ರ ಹತ್ತಿರ ಹೋಗಬೇಕು. ಅಂಥವರಿಗೆ ಕ್ಯಾಂಪ್‌ನ ಟೆಸ್ಟ್ ಸರಿ ಇದೆ ಅಂತ ಬಂದರೂ ಅದನ್ನು ನಂಬಿ ಸುಮ್ಮನೆ ಕೂರುವ ಹಾಗಿಲ್ಲ.

ಮುಂದಿನ ವಾರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಟೆಸ್ಟ್ ಇತ್ತು. ಸರಕಾರದ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದೊಳಗಿನ ಹೆಂಗಸರಿಗೆ ಗರ್ಭಕಂಠಕ್ಕೆ ಐದು ವರ್ಷಕ್ಕೊಮ್ಮೆ ಮಾಡುವುದು ವಿಐಎ ಅನ್ನುವ ಟೆಸ್ಟ್. ಆಶಾ ಕಾರ್ಯಕರ್ತೆಯರು ಇದನ್ನು ವಿನೆಗರ್ ಟೆಸ್ಟ್ ಅಂತಾರೆ. ಮುಟ್ಟಿನ ದಿನಗಳಲ್ಲಿ ಬರಬೇಡಿ, ಒಂದೆರಡು ದಿನ ಮುಂಚೆಯಿಂದ ಒಳಗೆ ಔಷಧಿ ಇಡಬೇಡಿ, ಒಳಗೆ ನೀರು ಹಾಕಿ ತೊಳೆಯಬೇಡಿ, ಗಂಡನ ಜೊತೆ ಸೇರಬೇಡಿ ಅಂತ ಮೊದಲೇ ಹೇಳಿದ್ದರು. ಕೊನೆಯದನ್ನು ಹೇಳುವಾಗ ಹಾಲ್‌ನಲ್ಲಿ ಎಲ್ಲರೂ ನಕ್ಕಿದ್ದರು, ಡಾಕ್ಟ್ರೂ ನಕ್ಕರು.

ಒಳಗೆ ಹೋದ ಮೇಲೆ ಆದದ್ದು ಇಷ್ಟು. ಸೊಂಟದ ಕೆಳಗಿನ ಒಳಬಟ್ಟೆ ತೆಗೆದು, ಮೇಜಿನ ಅಂಚಿಗೆ ಜರುಗಿ, ಮಂಡಿ ಮಡಚಿ, ಕಾಲು ಅಗಲಿಸಿ ಮಲಗಬೇಕು. ಮೇಲೊಂದು ಬಟ್ಟೆ ಹೊದಿಸುತ್ತಾರೆ. ನರ್ಸ್ ಸ್ಪೆಕ್ಯುಲಂ ತೋರಿಸಿದರು. ಬಾತುಕೋಳಿಯ ಕೊಕ್ಕಿನಂಥ ಸಾಧನ ಅದು, ಮುಚ್ಚಿಕೊಂಡು ಒಳಗೆ ಹೋಗಿ ಮೆಲ್ಲ ತೆರೆಯುತ್ತದೆ. ಬಿಸಿನೀರಲ್ಲಿ ಅದ್ದಿದ್ದರು, ತಣ್ಣಗೆ ಇರಲಿಲ್ಲ. "ಉಸಿರು ಬಿಡಿ, ಸೊಂಟ ಬಿಗಿ ಹಿಡಿಯಬೇಡಿ" ಅಂದರು. ಬಿಗಿ ಹಿಡಿದರೆ ನೋವು, ಬಿಟ್ಟರೆ ಬರೀ ಒತ್ತಡ. ಅದಂತೂ ನಿಜ. ಲೈಟ್ ಹಾಕಿ ಮೊದಲು ಹಾಗೇ ನೋಡಿದರು, ಲೋಳೆ ಒರೆಸಿದರು. ಆಮೇಲೆ ಕಡ್ಡಿಯ ತುದಿಯ ಹತ್ತಿಯನ್ನು ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲದ ತೆಳು ದ್ರಾವಣದಲ್ಲಿ ಅದ್ದಿ ಗರ್ಭಕೋಶದ ಬಾಯಿಗೆ ಹಚ್ಚಿದರು. ಸ್ವಲ್ಪ ಚುರು ಚುರು ಅಂದಿತು. ಹಚ್ಚಿದ ಮೇಲೆ ಒಂದು ನಿಮಿಷ ಕಾಯಬೇಕು. ನರ್ಸ್ ಗಡಿಯಾರ ನೋಡುತ್ತಾ ನಿಂತರು, ನಾನು ಸೀಲಿಂಗ್ ಫ್ಯಾನ್ ನೋಡುತ್ತಾ ಮಲಗಿದೆ.

ಆ ಒಂದು ನಿಮಿಷದಲ್ಲಿ ಏನಾಗುತ್ತದೆ ಅಂತ ಡಾಕ್ಟ್ರು ಹಾಲ್‌ನಲ್ಲಿ ಚಿತ್ರ ಹಾಕಿ ತೋರಿಸಿದ್ದರು. ಗರ್ಭಕೋಶದ ಬಾಯಿಯಲ್ಲಿ ಎರಡು ಬಗೆಯ ಚರ್ಮ ಕೂಡುತ್ತವೆ. ಹೊರಗಿನದು ನಸುಗೆಂಪು, ನಯ. ಒಳಗಿನಿಂದ ಬರುವುದು ಕಡುಗೆಂಪು, ತರಿತರಿ. ಇವೆರಡು ಸೇರುವ ಗೆರೆಯ ಸುತ್ತ ಜೀವಕೋಶಗಳು ಬದಲಾಗುತ್ತಲೇ ಇರುತ್ತವೆ, ಈ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಸ್ ಕೂರುವುದೂ ಅಲ್ಲೇ, ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದೂ ಅಲ್ಲೇ. ದಾರಿ ತಪ್ಪಿದ ಜೀವಕೋಶಗಳಲ್ಲಿ ಪ್ರೊಟೀನ್ ಜಾಸ್ತಿ ತುಂಬಿರುತ್ತದೆ. ಆಮ್ಲ ತಾಗಿದಾಗ ಅದು ಸ್ವಲ್ಪ ಹೊತ್ತು ಹೆಪ್ಪುಗಟ್ಟಿ ಬೆಳ್ಳಗೆ ಕಾಣುತ್ತದೆ. ಆ ಗೆರೆಗೆ ತಾಗಿಕೊಂಡು ಅಂಚು ಸ್ಪಷ್ಟವಾಗಿರುವ ದಟ್ಟ ಬಿಳಿ ಕಲೆ ಎದ್ದರೆ ಪಾಸಿಟಿವ್. ತೆಳ್ಳಗೆ, ಅಂಚಿಲ್ಲದೆ, ಅಲ್ಲಲ್ಲಿ ಬಿಳಿಚಿದರೆ ಅಲ್ಲ. ಸೋಂಕು ಇದ್ದರೂ, ಸುಮ್ಮನೆ ಬದಲಾವಣೆ ನಡೆಯುತ್ತಿದ್ದರೂ ಸ್ವಲ್ಪ ಬಿಳಿಚುವುದುಂಟು. ಅದಕ್ಕೇ ಈ ಟೆಸ್ಟ್‌ನಲ್ಲಿ ಪಾಸಿಟಿವ್ ಅಂತ ಬಂದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಅವರನ್ನು ಮುಂದೆ ಕಳಿಸುತ್ತಾರೆ, ಕಾಲ್ಪೊಸ್ಕೋಪ್ ಅನ್ನುವ ದೊಡ್ಡದು ಮಾಡಿ ತೋರಿಸುವ ಯಂತ್ರದಲ್ಲಿ ನೋಡುತ್ತಾರೆ, ಬೇಕಾದರೆ ಚೂರು ತುಣುಕು ತೆಗೆದು ಬಯಾಪ್ಸಿಗೆ ಕೊಡುತ್ತಾರೆ.

ನನ್ನದು ನೆಗೆಟಿವ್. ಅಲ್ಲೇ ಹೇಳಿಬಿಟ್ಟರು. ವಿನೆಗರ್ ಟೆಸ್ಟ್‌ನ ದೊಡ್ಡ ಅನುಕೂಲ ಅದೇ, ಲ್ಯಾಬ್ ಬೇಡ, ರಿಪೋರ್ಟ್‌ಗೆ ಕಾಯುವುದು ಬೇಡ.

ಅತ್ತಿಗೆಯ ಸರದಿ ಬಂದಾಗ ಮಾತ್ರ ಹೊತ್ತು ಹಿಡಿಯಿತು. ಮುಟ್ಟು ನಿಂತ ಮೇಲೆ ಒಳಗಿನ ಚರ್ಮ ತೆಳುವಾಗಿ ಒಣಗಿರುತ್ತದೆ. ಸ್ಪೆಕ್ಯುಲಂ ಹಾಕುವಾಗ ಅವರಿಗೆ ನೋವಾಯಿತು. ನರ್ಸ್ ತಕ್ಷಣ ಹೊರಗೆ ತೆಗೆದು "ಬೇನೆ ಆಪುಂಡಾ ಅಕ್ಕಾ?" ಅಂತ ತುಳುವಿನಲ್ಲಿ ಕೇಳಿ, ಸಣ್ಣ ಸೈಜ್‌ನದ್ದು ತಂದರು. ಆಮೇಲೆ ಸರಿಹೋಯಿತು. ಆದರೆ ನೋಡಿ ನೋಡಿ ನರ್ಸ್ ತಲೆ ಅಲ್ಲಾಡಿಸಿದರು. "ನಿಮಗೆ ಈ ಟೆಸ್ಟ್ ಆಗುವುದಿಲ್ಲ. ಗೆರೆ ಕಾಣುವುದಿಲ್ಲ, ಒಳಗೆ ಹೋಗಿದೆ."

ಅತ್ತಿಗೆ ಹೆದರಿದರು. ಒಳಗೆ ಹೋಗಿದೆ ಅಂದರೆ ರೋಗ ಒಳಗೆ ಹೋಗಿದೆ ಅಂತ ಅವರಿಗೆ ಕೇಳಿಸಿತು. ಹಾಗಲ್ಲ. ವಯಸ್ಸಾದಂತೆ ಹಾರ್ಮೋನ್ ಕಡಿಮೆಯಾಗಿ ಆ ಕೂಡುವ ಗೆರೆ ಗರ್ಭಕಂಠದ ನಾಳದ ಒಳಗೆ ಸರಿಯುತ್ತದೆ. ಎಲ್ಲ ಹೆಂಗಸರಲ್ಲೂ ಆಗುವುದೇ. ನೋಡಬೇಕಾದ ಜಾಗವೇ ಕಣ್ಣಿಗೆ ಕಾಣದಿದ್ದರೆ ಆಮ್ಲ ಹಚ್ಚಿ ಬಿಳಿ ಹುಡುಕಿ ಪ್ರಯೋಜನ ಇಲ್ಲ. ಹಚ್ಚಿ, ಬಿಳಿ ಕಾಣಲಿಲ್ಲ ಅಂತ ನೆಗೆಟಿವ್ ಬರೆದು ಕಳಿಸಿದ್ದರೆ ಅತ್ತಿಗೆ ಖುಷಿಯಲ್ಲೇ ಮನೆಗೆ ಬರುತ್ತಿದ್ದರು, ಆದರೆ ಆ ನೆಗೆಟಿವ್‌ಗೆ ಬೆಲೆಯೇ ಇರುತ್ತಿರಲಿಲ್ಲ. ಆ ನರ್ಸ್ ಬಗ್ಗೆ ನನಗೆ ಅದಕ್ಕೇ ಗೌರವ. 50 ದಾಟಿದವರು ವಿನೆಗರ್ ಟೆಸ್ಟ್ ಮಾಡಿಸಿದರೆ "ಗೆರೆ ಪೂರ್ತಿ ಕಂಡಿತಾ?" ಅಂತ ಒಂದು ಮಾತು ಕೇಳಿ. ಕೇಳಿದರೆ ಯಾರೂ ಬೈಯುವುದಿಲ್ಲ.

ಅಲ್ಲಿಂದ ಮಂಗಳೂರಿನ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಎರಡು ಟೆಸ್ಟ್‌ಗಳ ಮಾತು ಬಂತು, ಪ್ಯಾಪ್ ಮತ್ತು ಎಚ್‌ಪಿವಿ. ತೆಗೆಯುವ ರೀತಿ ಹೆಚ್ಚು ಕಡಿಮೆ ಒಂದೇ. ಸ್ಪೆಕ್ಯುಲಂ ಹಾಕಿ, ಸಣ್ಣ ಬ್ರಶ್ ಒಂದನ್ನು ಗರ್ಭಕೋಶದ ಬಾಯಿಗೆ ಇಟ್ಟು ತಿರುಗಿಸುತ್ತಾರೆ. ಕೆಲವು ಸೆಕೆಂಡ್ ಅಷ್ಟೇ, ಕೆರೆದ ಹಾಗೆ ಅನಿಸುತ್ತದೆ, ಒಂದೆರಡು ಹನಿ ರಕ್ತ ಕಂಡರೂ ಕಾಣಬಹುದು. ಬ್ರಶ್‌ಗೆ ಅಂಟಿದ್ದನ್ನು ದ್ರವ ಇರುವ ಸಣ್ಣ ಬಾಟಲಿಗೆ ಹಾಕುತ್ತಾರೆ. ಹಳೆಯ ಕ್ರಮದಲ್ಲಿ ಗಾಜಿನ ಸ್ಲೈಡ್‌ಗೆ ಸವರಿ ಕೂಡಲೇ ಆಲ್ಕೋಹಾಲ್‌ನಲ್ಲಿ ಮುಳುಗಿಸುತ್ತಾರೆ. ತಡ ಮಾಡಿದರೆ ಜೀವಕೋಶ ಒಣಗಿ ಓದಲು ಬರುವುದಿಲ್ಲ, ಮತ್ತೊಮ್ಮೆ ಬನ್ನಿ ಅಂತಾರೆ.

ವ್ಯತ್ಯಾಸ ಇರುವುದು ಲ್ಯಾಬ್‌ನಲ್ಲಿ. ಪ್ಯಾಪ್‌ನಲ್ಲಿ ಒಬ್ಬರು ಸೂಕ್ಷ್ಮದರ್ಶಕದಲ್ಲಿ ಜೀವಕೋಶದ ಆಕಾರ ಕೆಟ್ಟಿದೆಯಾ ಅಂತ ನೋಡುತ್ತಾರೆ. ಎಚ್‌ಪಿವಿ ಟೆಸ್ಟ್‌ನಲ್ಲಿ ಯಂತ್ರ ಜೀವಕೋಶವನ್ನು ನೋಡುವುದೇ ಇಲ್ಲ, ಅಪಾಯದ ಜಾತಿಯ ವೈರಸ್‌ನ ಡಿಎನ್‌ಎ ಇದೆಯಾ ಅಂತ ಹುಡುಕುತ್ತದೆ. ಅಂದರೆ ಪ್ಯಾಪ್ ಹೇಳುವುದು ಈಗ ಹಾನಿ ಆಗಿದೆಯಾ ಅಂತ, ಎಚ್‌ಪಿವಿ ಹೇಳುವುದು ಮುಂದೆ ಹಾನಿ ಮಾಡಬಲ್ಲದ್ದು ಇದೆಯಾ ಅಂತ. ವೈರಸ್ ಬಂದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಬೇಕು. ಹಾಗಾಗಿ ಎಚ್‌ಪಿವಿ ನೆಗೆಟಿವ್ ಬಂದರೆ ಐದು ವರ್ಷ ನಿಶ್ಚಿಂತೆ, ಪ್ಯಾಪ್ ಒಂದನ್ನೇ ಮಾಡಿಸುವವರು ಮೂರು ವರ್ಷಕ್ಕೊಮ್ಮೆ ಬರಬೇಕು. ಎಚ್‌ಪಿವಿಗೆ ಇನ್ನೊಂದು ಅನುಕೂಲವೂ ಇದೆ. ಸ್ಪೆಕ್ಯುಲಂ ಬೇಡವೇ ಬೇಡ ಅನ್ನುವವರು, ಆ ಸೌಲಭ್ಯ ಇರುವ ಕಡೆ, ಬ್ರಶ್ ತೆಗೆದುಕೊಂಡು ಪರದೆಯ ಹಿಂದೆ ಹೋಗಿ ತಾವೇ ಒಳಗೆ ತಿರುಗಿಸಿ ಕೊಡಬಹುದು. ಹಾಗೆ ತಾವೇ ತೆಗೆದದ್ದರಲ್ಲಿ ಪ್ಯಾಪ್ ನೋಡಲು ಮಾತ್ರ ಬರುವುದಿಲ್ಲ.

ಅತ್ತಿಗೆಯದ್ದು ಡಾಕ್ಟ್ರೇ ತೆಗೆದರು, ಎಚ್‌ಪಿವಿಗೆ ಕೊಟ್ಟರು. ರಿಪೋರ್ಟ್ ಬಂತು. ಪಾಸಿಟಿವ್.

ಬಸ್ಸಿನಲ್ಲಿ ವಾಪಸ್ ಬರುವಾಗ ಅವರು ಒಂದು ಮಾತೂ ಆಡಲಿಲ್ಲ. ಮನೆ ಹತ್ತಿರ ಇಳಿದ ಮೇಲೆ ಕೇಳಿದ್ದು ಕ್ಯಾನ್ಸರ್ ಬಗ್ಗೆ ಅಲ್ಲ. "ಇದು ಸೇರುವುದರಿಂದ ಬರುವುದಂತಲ್ವಾ. ಹಾಗಾದರೆ ಇವರು..." ಅಂತ ಅರ್ಧಕ್ಕೆ ನಿಲ್ಲಿಸಿದರು. ಅಣ್ಣ ಹಿಂದೆ ಕೆಲವು ವರ್ಷ ಗಲ್ಫ್‌ನಲ್ಲಿದ್ದವರು. ನನಗೆ ಉತ್ತರ ಕೊಡಲು ಆಗಲಿಲ್ಲ. ಮುಂದಿನ ಭೇಟಿಯಲ್ಲಿ ಡಾಕ್ಟ್ರ ಹತ್ತಿರ ನಾನೇ ಕೇಳಿದೆ, ಅತ್ತಿಗೆ ತಲೆ ತಗ್ಗಿಸಿ ಕೂತಿದ್ದರು. ಡಾಕ್ಟ್ರು ಪೆನ್ನು ಕೆಳಗಿಟ್ಟು ಅತ್ತಿಗೆಗೇ ಹೇಳಿದರು: "ನೋಡಿ ಅಮ್ಮಾ, ಈ ವೈರಸ್ ಮದುವೆಯಾದ ಹೆಚ್ಚಿನವರಿಗೆ ಒಂದಲ್ಲ ಒಂದು ಸಲ ಬಂದು ಹೋಗಿರುತ್ತದೆ. ಒಂದೆರಡು ವರ್ಷದಲ್ಲಿ ದೇಹವೇ ಓಡಿಸುತ್ತದೆ. ಕೆಲವರಲ್ಲಿ ಟೆಸ್ಟ್‌ಗೂ ಸಿಗದ ಹಾಗೆ ಎಷ್ಟೋ ವರ್ಷ ಸುಮ್ಮನೆ ಕೂತಿದ್ದು, ವಯಸ್ಸಾದ ಮೇಲೆ ಮತ್ತೆ ಕಾಣುತ್ತದೆ. ಯಾವಾಗ ಬಂತು, ಯಾರಿಂದ ಬಂತು ಅಂತ ಈ ಕಾಗದ ನೋಡಿ ಹೇಳಲು ನನಗೂ ಬರುವುದಿಲ್ಲ, ಯಾರಿಗೂ ಬರುವುದಿಲ್ಲ." ಅತ್ತಿಗೆ ಆವತ್ತು ಮೊದಲ ಸಲ ನೇರ ಕೂತು ಪ್ರಶ್ನೆ ಕೇಳತೊಡಗಿದರು. ಪಾಸಿಟಿವ್ ರಿಪೋರ್ಟ್ ಕೈಗೆ ಕೊಡುವ ದಿನವೇ ಈ ನಾಲ್ಕು ಮಾತು ಹೇಳಬೇಕಿತ್ತು ಅನ್ನುವುದು ನನ್ನ ತಕರಾರು. ಕೌಂಟರ್‌ನಲ್ಲಿ ಕವರ್ ಕೊಟ್ಟು ಮುಂದಿನವರನ್ನು ಕರೆದರೆ ಹೇಗೆ?

ಎಚ್‌ಪಿವಿ ಜಾತಿಗಳಲ್ಲಿ 16 ಮತ್ತು 18 ಅನ್ನುವವು ಜೋರು. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು 70 ಶೇಕಡಾ ಇವೆರಡರಿಂದಲೇ. ಅವು ಬಂದಿದ್ದರೆ ನೇರ ಕಾಲ್ಪೊಸ್ಕೋಪಿಗೆ ಕಳಿಸುತ್ತಿದ್ದರು. ಅತ್ತಿಗೆಯದ್ದು ಅವೆರಡೂ ಅಲ್ಲ, ಉಳಿದ ಅಪಾಯದ ಗುಂಪಿನದ್ದು. ಬಾಟಲಿಯಲ್ಲಿ ಉಳಿದಿದ್ದ ದ್ರವದಲ್ಲೇ ಪ್ಯಾಪ್ ನೋಡಿದರು, ಮತ್ತೆ ಮಲಗಬೇಕಾಗಿ ಬರಲಿಲ್ಲ. ಪ್ಯಾಪ್ ನಾರ್ಮಲ್. ಅಂದರೆ ವೈರಸ್ ಇದೆ, ಜೀವಕೋಶ ಕೆಟ್ಟಿಲ್ಲ. ಔಷಧಿ ಏನೂ ಇಲ್ಲ, ಈ ವೈರಸ್‌ಗೆ ಮಾತ್ರೆಯೇ ಇಲ್ಲ. ಒಂದು ವರ್ಷ ಬಿಟ್ಟು ಮತ್ತೆ ಎಚ್‌ಪಿವಿ ಟೆಸ್ಟ್. ಆಗಲೂ ಪಾಸಿಟಿವ್ ಇದ್ದರೆ ಕಾಲ್ಪೊಸ್ಕೋಪಿ. ಅಲ್ಲಿ ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ ಕಂಡರೆ ಕರೆಂಟ್ ಹಾಯಿಸಿದ ತೆಳು ತಂತಿಯ ಬಳೆಯಿಂದ ಅಷ್ಟು ಜಾಗವನ್ನು ಮಾತ್ರ ಕತ್ತರಿಸಿ ತೆಗೆಯುತ್ತಾರೆ, ಗರ್ಭಕೋಶ ತೆಗೆಯುವ ಮಾತೇ ಸಾಮಾನ್ಯವಾಗಿ ಬರುವುದಿಲ್ಲ. ಇದನ್ನೂ ಅತ್ತಿಗೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಇನ್ನು ಎದೆಯ ವಿಷಯ. ಆರೋಗ್ಯ ಕೇಂದ್ರದಲ್ಲಿ ಆಗುವುದು ಕೈಯಿಂದ ನೋಡುವ ಪರೀಕ್ಷೆ ಮಾತ್ರ. ಕೂರಿಸಿ, ಕೈ ಮೇಲೆತ್ತಿಸಿ ಮೊದಲು ಕಣ್ಣಲ್ಲಿ ನೋಡುತ್ತಾರೆ: ಚರ್ಮ ಎಲ್ಲಾದರೂ ಗುಳಿ ಬಿದ್ದಿದೆಯಾ, ತೊಟ್ಟು ಹೊಸದಾಗಿ ಒಳಗೆ ಸರಿದಿದೆಯಾ ಅಂತ. ಆಮೇಲೆ ಮಲಗಿಸಿ ನಡುವಿನ ಮೂರು ಬೆರಳುಗಳ ತುದಿಯ ಮೆತ್ತಗಿನ ಭಾಗದಿಂದ ಸಣ್ಣ ಸಣ್ಣ ಸುತ್ತು ಹಾಕುತ್ತಾ, ಒಂದೇ ಜಾಗದಲ್ಲಿ ಮೊದಲು ಮೆಲ್ಲ, ಮತ್ತೆ ಸ್ವಲ್ಪ ಒತ್ತಿ, ಮತ್ತೆ ಪಕ್ಕೆಲುಬು ತಾಗುವಷ್ಟು ಒತ್ತಿ, ಮೇಲಿಂದ ಕೆಳಗೆ ಸಾಲು ಸಾಲಾಗಿ ಹೋಗುತ್ತಾರೆ. ಕಂಕುಳು, ಕೊರಳೆಲುಬಿನ ಮೇಲಿನ ಗುಳಿ ಎಲ್ಲ ಸೇರಿ ಕೆಲವು ನಿಮಿಷ ಹಿಡಿಯುತ್ತದೆ. ಅರ್ಧ ನಿಮಿಷದಲ್ಲಿ ಮುಗಿಸಿದರೆ ನೋಡಿದ ಹಾಗೆ ಆಗಲಿಲ್ಲ. ಮುಟ್ಟು ಇರುವವರು ಮುಟ್ಟು ಶುರುವಾಗಿ ವಾರ, ಹತ್ತು ದಿನಕ್ಕೆ ಹೋದರೆ ಒಳ್ಳೆಯದು, ಆಗ ಎದೆಯಲ್ಲಿ ನೋವು, ಬಿಗಿತ ಕಡಿಮೆ.

ಕೈಯಲ್ಲಿ ನೋಡಿ ಎಂತ ಪ್ರಯೋಜನ ಅಂತ ಸಂಘದಲ್ಲಿ ಒಬ್ಬರು ಕೇಳಿದ್ದರು. ಅದಕ್ಕೆ ಡಾಕ್ಟ್ರು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರ ಅಧ್ಯಯನ ಹೇಳಿದರು. ಅಲ್ಲಿ ಡಾಕ್ಟ್ರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಹೀಗೆ ಕೈಯಿಂದ ನೋಡಿದ್ದರು. ಇಪ್ಪತ್ತು ವರ್ಷದ ಲೆಕ್ಕ 2021ರಲ್ಲಿ ಹೊರಬಂದಾಗ 50 ದಾಟಿದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಸಾವು 30 ಶೇಕಡಾದ ಹತ್ತಿರ ಕಡಿಮೆಯಾಗಿತ್ತು. 50ರ ಒಳಗಿನವರಲ್ಲಿ ಅಂಥ ಲಾಭ ಕಂಡಿರಲಿಲ್ಲ. ನಾನು ಆ ಒಳಗಿನ ಗುಂಪಿನವಳು. ಹಾಗಾಗಿ ಗಂಟು ಸಿಗದಿದ್ದರೂ ಸ್ತನದ ಎಕ್ಸ್‌ರೇ ತೆಗೆಯುವ ಮ್ಯಾಮೊಗ್ರಾಂ ಮಾಡಿಸಿಯೇ ಬಿಡುತ್ತೇನೆ ಅಂತ ಹೊರಟೆ. ನಮ್ಮ ಅಮ್ಮನ ತಂಗಿಗೆ ಆಗಿತ್ತು, ಆ ಹೆದರಿಕೆಯೂ ಇತ್ತು.

ಮ್ಯಾಮೊಗ್ರಾಂಗೆ ಹೋಗುವಾಗ ಕಂಕುಳಿಗೆ ಪೌಡರ್, ಸ್ಪ್ರೇ ಏನೂ ಹಾಕಬಾರದು. ಅದರ ಕಣಗಳು ಫಿಲ್ಮ್‌ನಲ್ಲಿ ಬಿಳಿ ಚುಕ್ಕಿಗಳಾಗಿ ಬೀಳುತ್ತವೆ, ಕ್ಯಾನ್ಸರ್‌ನ ಸುಣ್ಣದ ಚುಕ್ಕಿಗಳೂ ಕಾಣುವುದು ಹಾಗೇ. ನಮ್ಮೂರ ಸೆಕೆಗೆ ಪೌಡರ್ ಹಾಕದೆ ಬಸ್ ಹತ್ತುವುದು ಕಷ್ಟವೇ, ಆದರೂ. ಸೀರೆ ಅಥವಾ ಚೂಡಿದಾರ್ ಸಾಕು, ಉದ್ದ ಗೌನ್ ಬೇಡ, ಸೊಂಟದ ಮೇಲಿನದ್ದು ಮಾತ್ರ ತೆಗೆಯಬೇಕಾದ್ದರಿಂದ. ಯಂತ್ರದ ಎದುರು ನಿಲ್ಲಿಸಿ, ಒಂದು ಎದೆಯನ್ನು ತಟ್ಟೆಯ ಮೇಲಿಟ್ಟು ಮೇಲಿಂದ ಪಾರದರ್ಶಕ ತಟ್ಟೆ ಇಳಿಸಿ ಒತ್ತುತ್ತಾರೆ. ಒಮ್ಮೆ ಮೇಲಿಂದ ಕೆಳಗೆ, ಒಮ್ಮೆ ಓರೆಯಾಗಿ, ಎರಡೂ ಕಡೆಗೆ ಸೇರಿ ನಾಲ್ಕು ಚಿತ್ರ. ಒತ್ತಿದಾಗ ಕಣ್ಣಲ್ಲಿ ನೀರು ಬಂತು ನನಗೆ, ಸುಳ್ಳು ಹೇಳುವುದಿಲ್ಲ. ಆದರೆ ಒಂದೊಂದಕ್ಕೆ ಕೆಲವೇ ಸೆಕೆಂಡ್. ಒತ್ತಿದಷ್ಟು ಪದರಗಳು ಬಿಡಿಸಿಕೊಂಡು ಒಂದರ ಹಿಂದೆ ಒಂದು ಅಡಗುವುದು ತಪ್ಪುತ್ತದೆ, ಎಕ್ಸ್‌ರೇಯೂ ಕಡಿಮೆ ಸಾಕಾಗುತ್ತದೆ.

ಎರಡು ದಿನ ಬಿಟ್ಟು ಫೋನ್. "ನಿಮ್ಮ ಬೈರಾಡ್ಸ್ ಸೊನ್ನೆ ಬಂದಿದೆ, ಮತ್ತೆ ಬರಬೇಕು." ಸೊನ್ನೆ ಅಂದರೆ ಏನೂ ಇಲ್ಲ ಅಂತಲ್ವಾ, ಮತ್ತೆ ಯಾಕೆ ಕರೆಯುತ್ತಾರೆ? ಅಲ್ಲ. ಮ್ಯಾಮೊಗ್ರಾಂ ರಿಪೋರ್ಟ್‌ನ ಕೊನೆಯಲ್ಲಿ ಬರುವ ಈ ಅಂಕಿಯಲ್ಲಿ ಏನೂ ಇಲ್ಲ ಅನ್ನುವುದಕ್ಕೆ ಒಂದು, ಇದ್ದರೂ ತೊಂದರೆ ಇಲ್ಲದ್ದು ಅನ್ನುವುದಕ್ಕೆ ಎರಡು. ಮೂರು ಅಂದರೆ ಬಹುಶಃ ಸಾದಾ, ಆರು ತಿಂಗಳಿಗೆ ಮತ್ತೆ ನೋಡೋಣ. ನಾಲ್ಕು, ಐದು ಬಂದರೆ ಸೂಜಿ ಹಾಕಿ ತುಣುಕು ತೆಗೆಯಬೇಕು. ಸೊನ್ನೆ ಅಂದರೆ ಈ ಚಿತ್ರದಿಂದಷ್ಟೇ ತೀರ್ಮಾನ ಮಾಡಲು ಆಗಲಿಲ್ಲ, ಇನ್ನೂ ನೋಡಬೇಕು ಅಂತ.

ಕಾರಣ ನನ್ನ ವಯಸ್ಸು. ಮುಟ್ಟು ನಿಲ್ಲದವರ ಎದೆಯಲ್ಲಿ ಹಾಲಿನ ಗ್ರಂಥಿಗಳ ಭಾಗ ಜಾಸ್ತಿ. ಅದು ಫಿಲ್ಮ್‌ನಲ್ಲಿ ಬೆಳ್ಳಗೆ ಬರುತ್ತದೆ, ಗಂಟೂ ಬೆಳ್ಳಗೇ ಬರುತ್ತದೆ. ವಯಸ್ಸಾದಂತೆ ಆ ಜಾಗಕ್ಕೆ ಕೊಬ್ಬು ಬಂದು ಕಪ್ಪಾಗುತ್ತದೆ, ಆಗ ಬಿಳಿ ಗಂಟು ಎದ್ದು ಕಾಣುತ್ತದೆ. ನನ್ನ ಎಡಗಡೆ ದುಂಡಗಿನದೊಂದು ಅರ್ಧ ಕಂಡಿತ್ತು, ಉಳಿದರ್ಧದ ಅಂಚು ಆ ಬಿಳಿಯಲ್ಲೇ ಮುಚ್ಚಿಹೋಗಿತ್ತು. ಅದಕ್ಕೆ ಅಲ್ಟ್ರಾಸೌಂಡ್. ಹೊಟ್ಟೆಯ ಸ್ಕ್ಯಾನಿಂಗ್‌ನ ಹಾಗೇ, ಜೆಲ್ ಹಚ್ಚಿ ಮೇಲೆ ಆಡಿಸುವುದು, ನೋವಿಲ್ಲ. ಡಾಕ್ಟ್ರು ಪರದೆ ನನ್ನ ಕಡೆ ತಿರುಗಿಸಿ ತೋರಿಸಿದರು. ಕಪ್ಪು ದುಂಡು, ಸುತ್ತ ತೆಳು ಗೋಡೆ, ಒಳಗೆ ಏನೂ ಇಲ್ಲ, ಅದರ ಹಿಂದಿನ ಜಾಗ ಮಾತ್ರ ಉಳಿದ ಕಡೆಗಿಂತ ಬೆಳಗುತ್ತಿತ್ತು. "ನೀರಿನ ಗುಳ್ಳೆ ಇದು. ಗಟ್ಟಿ ಗಂಟಾದರೆ ಶಬ್ದದ ಅಲೆ ತಡೆಯುತ್ತದೆ, ನೀರಾದರೆ ಸಲೀಸಾಗಿ ದಾಟುತ್ತದೆ, ಅದಕ್ಕೇ ಹಿಂದೆ ಬೆಳಕು" ಅಂದರು. ಸೂಜಿ ಬೇಡ, ಔಷಧಿ ಬೇಡ. ಸೊನ್ನೆ ಇದ್ದದ್ದು ಎರಡಾಯಿತು.

ಫೋನ್ ಬಂದ ದಿನದಿಂದ ಸ್ಕ್ಯಾನ್ ಆಗುವವರೆಗೆ ನಾನು ಸರಿ ನಿದ್ದೆ ಮಾಡಿರಲಿಲ್ಲ. ಹೀಗೆ ವಾಪಸ್ ಕರೆಸಿಕೊಂಡವರಲ್ಲಿ ಹೆಚ್ಚಿನವರಿಗೆ ಕೊನೆಗೆ ಕ್ಯಾನ್ಸರ್ ಇರುವುದಿಲ್ಲ, ಮೊದಲ ಸಲ ಮಾಡಿಸುವವರನ್ನು ಕರೆಯುವುದು ಇನ್ನೂ ಜಾಸ್ತಿ ಅಂತ ಡಾಕ್ಟ್ರು ಹೇಳಿದ್ದು ಸ್ಕ್ಯಾನ್ ಮುಗಿದ ಮೇಲೆ. ಮೊದಲ ಸಲದವರಿಗೆ ಹೋಲಿಸಲು ಹಳೆಯ ಫಿಲ್ಮ್ ಇರುವುದಿಲ್ಲವಲ್ಲ. ಹಳೆಯದು ಇದ್ದಿದ್ದರೆ ಆ ದುಂಡು ಮೊದಲೂ ಇತ್ತಾ, ಅಷ್ಟೇ ದೊಡ್ಡದಿತ್ತಾ ಅಂತ ನೋಡಬಹುದಿತ್ತು. ಫಿಲ್ಮ್ ಮತ್ತು ಸಿಡಿ ಎರಡನ್ನೂ ಕೇಳಿ ತೆಗೆದುಕೊಂಡು ಬಂದೆ. ಕೌಂಟರ್‌ನವರು ರಿಪೋರ್ಟ್ ಕಾಗದ ಮಾತ್ರ ಕೊಟ್ಟು ಸಾಕು ಅಂದರು, ಸಾಕಾಗುವುದಿಲ್ಲ, ಹೋಲಿಸುವುದು ಚಿತ್ರವನ್ನು. ಈಗ ಅತ್ತಿಗೆಯ ಎಚ್‌ಪಿವಿ ರಿಪೋರ್ಟೂ ಅದೇ ಫೈಲ್‌ನಲ್ಲಿದೆ. ಅವರು ಕೇಳಿಯೇ ನನ್ನ ಹತ್ತಿರ ಇಟ್ಟಿದ್ದಾರೆ, ಅಣ್ಣನಿಗೆ ಯಾವಾಗ, ಹೇಗೆ ಹೇಳಬೇಕು ಅಂತ ಅವರಿನ್ನೂ ತೀರ್ಮಾನ ಮಾಡಿಲ್ಲ.